ಹಾಡಿನ ಪಾಠಕ್ಕೆ ಜೂಮ್: ಎರಡೂವರೆ ವರ್ಷ ಬಳಸಿದ ಮೇಲೆ

ನಾನು ಎರಡೂವರೆ ವರ್ಷದಿಂದ ಜೂಮ್‌ನಲ್ಲಿ ಹಾಡು ಕಲಿಸುತ್ತಿದ್ದೇನೆ. ಈಗ 14 ಜನ ಕಲಿಯುತ್ತಿದ್ದಾರೆ, ಮೂರು ಬ್ಯಾಚ್. ಶುರು ಮಾಡಿದ್ದು ಉಚಿತ ಖಾತೆಯಲ್ಲಿ. ಅದರಲ್ಲಿ ಮೀಟಿಂಗ್ 40 ನಿಮಿಷಕ್ಕೆ ನಿಂತುಬಿಡುತ್ತದೆ. ಒಬ್ಬೊಬ್ಬರನ್ನೂ ಹಾಡಿಸಿ ತಿದ್ದಲು ಅಷ್ಟು ಸಮಯ ಸಾಲದು. ಎರಡನೇ ತಿಂಗಳಿಗೇ ಹಣ ಕಟ್ಟುವ ಖಾತೆಗೆ ಬದಲಾಯಿಸಿದೆ.

ಮೊದಲ ಕೆಲವು ವಾರ ಒಂದು ವಿಚಿತ್ರ ಸಮಸ್ಯೆ ಇತ್ತು. ವಿದ್ಯಾರ್ಥಿ ಒಂದು ಸ್ವರವನ್ನು ಉದ್ದಕ್ಕೆ ಹಿಡಿದರೆ ಅರ್ಧದಲ್ಲೇ ದನಿ ಕರಗಿಹೋಗುತ್ತಿತ್ತು. ನಾನು ಹಾಕಿದ ಶ್ರುತಿಯೂ ಅವರಿಗೆ ಕೇಳುತ್ತಿರಲಿಲ್ಲ. ನೆಟ್ ಸರಿ ಇಲ್ಲ ಅಂದುಕೊಂಡಿದ್ದೆ. ಕಾರಣ ಅದಲ್ಲ. ಇಂಥ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಫ್ಯಾನಿನ ಸದ್ದಿನ ಹಾಗೆ ಒಂದೇ ಸಮನೆ ಬರುವ ದನಿಯನ್ನು ಗದ್ದಲ ಎಂದು ತೆಗೆದುಹಾಕುತ್ತವೆ. ಶ್ರುತಿಯೂ ಒಂದೇ ಸಮನೆ ಬರುವ ದನಿಯೇ ಅಲ್ವಾ?

ಇದಕ್ಕೆ ಜೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ Original sound for musicians ಎಂಬ ಆಯ್ಕೆ ಇದೆ. ಅದನ್ನು ಆರಿಸಿದರೆ ಮೀಟಿಂಗ್ ಒಳಗೆ ಅದರ ಬಟನ್ ಕಾಣುತ್ತದೆ. ಅದನ್ನೂ ಆನ್ ಮಾಡಬೇಕು. ಇದು ನನ್ನ ಕಡೆ ಮಾತ್ರ ಇದ್ದರೆ ಸಾಲದು. ಹಾಡುವವರ ಕಡೆಯೂ ಇರಬೇಕು, ಏಕೆಂದರೆ ನಾನು ತಿದ್ದಬೇಕಾದದ್ದು ಅವರ ದನಿಯನ್ನು. ಹೊಸಬರು ಸೇರಿದಾಗ ಮೊದಲ 10 ನಿಮಿಷ ಇದಕ್ಕೇ ಇಡುತ್ತೇನೆ. ಆ ಆಯ್ಕೆಯ ಒಳಗೇ ಇರುವ Echo cancellation ತೆಗೆದರೆ ದನಿ ಇನ್ನೂ ಸಹಜವಾಗಿರುತ್ತದೆ. ಆದರೆ ಆಗ ಇಯರ್‌ಫೋನ್ ಬೇಕೇ ಬೇಕು. ಇಲ್ಲದಿದ್ದರೆ ನನ್ನ ದನಿ ಅವರ ಸ್ಪೀಕರ್‌ನಿಂದ ಮೈಕ್‌ಗೆ ಹೋಗಿ ನನಗೇ ವಾಪಸ್ ಕೇಳುತ್ತದೆ.

ಫೀಸಿನ ವಿಷಯದಲ್ಲಿ ತಪ್ಪು ನನ್ನದೇ. ತಿಂಗಳ ಕೊನೆಗೆ ಕೇಳುತ್ತಿದ್ದೆ. ಒಬ್ಬರು ಎರಡು ತರಗತಿಗೆ ಬಂದಿರಲ್ಲ, ಇನ್ನೊಬ್ಬರು ಮಧ್ಯದಲ್ಲಿ ಸೇರಿರುತ್ತಾರೆ. ಪ್ರತಿ ತಿಂಗಳೂ ಲೆಕ್ಕದ ಮಾತೇ. ಈಗ 8 ತರಗತಿಗಳ ಒಂದು ಕಂತು, ಮುಂಗಡವಾಗಿ. ಆರನೇ ತರಗತಿ ಮುಗಿದ ದಿನ ಎಲ್ಲರಿಗೂ ಒಂದೇ ಸಂದೇಶ, ಜೊತೆಗೆ ಪಾವತಿ ಲಿಂಕ್. ನಾನು ರದ್ದು ಮಾಡಿದ ತರಗತಿ ಮುಂದಕ್ಕೆ ಹೋಗುತ್ತದೆ. ಅವರು ತಪ್ಪಿಸಿಕೊಂಡದ್ದಕ್ಕೆ ರೆಕಾರ್ಡಿಂಗ್ ಕಳಿಸುತ್ತೇನೆ. ಹಣ ಅಪ್ಪನ ಖಾತೆಯಿಂದಲೋ ಅಜ್ಜಿಯ ಖಾತೆಯಿಂದಲೋ ಬರುವುದರಿಂದ ಯಾರದ್ದೆಂದು ತಿಳಿಯದೆ ಒಮ್ಮೆ ಕಟ್ಟಿದವರನ್ನೇ ಮತ್ತೆ ಕೇಳಿಬಿಟ್ಟೆ. ತುಂಬಾ ಬೇಜಾರಾಯಿತು. ಅಂದಿನಿಂದ ಷರಾದಲ್ಲಿ ಕಲಿಯುವವರ ಹೆಸರು ಮತ್ತು ಕಂತಿನ ಸಂಖ್ಯೆ ಬರೆಯಲು ಹೇಳುತ್ತೇನೆ.

ಇನ್ನು ಗಮನ ಹಿಡಿದಿಡುವುದು. ವಿಡಿಯೋ ಕರೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡಲು ಆಗುವುದಿಲ್ಲ. ದನಿ ಹೋಗಿ ಬರುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ನಾನು ಹಾಡುವಾಗ ಉಳಿದವರು ಮೈಕ್ ಮುಚ್ಚಿ ಜೊತೆಗೆ ಹಾಡುತ್ತಾರೆ. ಆಮೇಲೆ ಒಬ್ಬೊಬ್ಬರೇ. ಕಷ್ಟ ಇರುವುದು ಆ ‘ಆಮೇಲೆ’ಯಲ್ಲಿ. ಐದು ಜನರ ಬ್ಯಾಚಿನಲ್ಲಿ ಒಬ್ಬರು ಹಾಡುವಾಗ ನಾಲ್ವರು ಸುಮ್ನೆ ಕೂರಬೇಕು. ಅವರ ಕಣ್ಣು ಬೇರೆ ಕಡೆ ಹೋಗುವುದು ಪರದೆಯಲ್ಲೇ ಕಾಣುತ್ತದೆ.

ಕ್ಯಾಮೆರಾಗೆ ಕಾಣುವ ಹಾಗೆ ಎಲ್ಲರೂ ಕೈಯಲ್ಲಿ ತಾಳ ಹಾಕಲಿ ಎಂದೆ. ಕೇಳಿಸಿಕೊಳ್ಳುತ್ತಿರುವವರು ಯಾರು ಎಂಬುದು ತಕ್ಷಣ ತಿಳಿಯಿತು. ಆದರೆ ಶುರುವಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ನಾನು ಹಾಡುತ್ತಿದ್ದಾಗ ಒಂದು ಹುಡುಗಿಯ ಕೈ ನನ್ನ ತಾಳಕ್ಕಿಂತ ಹಿಂದೆ ಬೀಳುತ್ತಿತ್ತು. ಮೂರು ತರಗತಿ ಅವಳನ್ನು ತಿದ್ದಿದೆ. ಅವಳು ನಿಜಕ್ಕೂ ಸರಿಯಾಗಿಯೇ ಹಾಕುತ್ತಿದ್ದಳು. ನನ್ನ ದನಿ ಅವಳಿಗೆ ತಡವಾಗಿ ತಲುಪಿ, ಅವಳ ಕೈ ನನಗೆ ಇನ್ನೂ ತಡವಾಗಿ ಕಾಣುತ್ತಿತ್ತು. ನಾನು ತಿದ್ದಿದಂತೆಲ್ಲ ಅವಳು ಮುಂದೆ ಓಡಲು ಕಲಿತಳು. ಅದನ್ನು ಬಿಡಿಸಲು ಒಂದು ತಿಂಗಳು ಹಿಡಿಯಿತು.

ಈಗ ತಾಳ ತಿದ್ದಬೇಕೆಂದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ವಿದ್ಯಾರ್ಥಿ ತಾನೇ ಹಾಡುತ್ತಾ ತಾನೇ ತಾಳ ಹಾಕಬೇಕು. ಅವರ ದನಿ ಮತ್ತು ಕೈ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ, ಹಾಗಾಗಿ ತಪ್ಪು ಇದ್ದರೆ ಕಾಣುತ್ತದೆ. ಶ್ರುತಿಯನ್ನೂ ಅವರೇ ತಮ್ಮ ಪಕ್ಕದಲ್ಲಿ ಸಣ್ಣಗೆ ಹಾಕಿಕೊಳ್ಳುತ್ತಾರೆ. ಆಗ ಅವರ ಸ್ವರ, ಶ್ರುತಿ ಎರಡೂ ಒಂದೇ ಮೈಕ್‌ನಿಂದ ನನಗೆ ಕೇಳುತ್ತವೆ. ಇಷ್ಟಾದರೂ ಸಣ್ಣ ಅನುಮಾನ ಉಳಿದರೆ, ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಲು ಹೇಳುತ್ತೇನೆ. ಕರೆಯಲ್ಲಿ ಕೇಳದ ಅಲುಗಾಟ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ.