ಹದಿನೇಳು ಇಮೇಲ್, ಒಂದು ಹ್ಯಾಂಡೋವರ್ ನೋಟ್: ಮೂರು ವಿಧಾನಗಳ ಹೋಲಿಕೆ

ಶಿಫ್ಟ್ ಬದಲಾಗುವಾಗ ಗ್ರಾಹಕರ ದೂರನ್ನು ಮುಂದಿನ ಏಜೆಂಟ್‌ಗೆ ಒಪ್ಪಿಸಲು ಬರೆಯುವುದೇ ಹ್ಯಾಂಡೋವರ್ ನೋಟ್. ಅದನ್ನು ಬರೆಯುವ ಮೂರು ವಿಧಾನಗಳ ಹೋಲಿಕೆಗೆ ತೆಗೆದುಕೊಂಡ ಮಾದರಿ ದೂರು ಹೀಗಿದೆ. ಆನ್‌ಲೈನ್‌ನಲ್ಲಿ ₹24,990 ಕೊಟ್ಟು ಕೊಂಡ ವಾಷಿಂಗ್ ಮೆಷಿನ್ ಸೋರುತ್ತಿದೆ. ಮಾರ್ಚ್ 4ರಂದು ಮೊದಲ ದೂರು. 8ರಂದು ಬಂದ ಟೆಕ್ನಿಷಿಯನ್ ‘ಇನ್‌ಸ್ಟಾಲೇಷನ್ ದೋಷ’ ಎಂದು ಬರೆದು ಹೋದರು. ಅದಲ್ಲ, ಬಾಗಿಲಿನ ರಬ್ಬರ್ ಹರಿದಿದೆ ಎಂದು ಗ್ರಾಹಕರು ಫೋಟೊ ಕಳಿಸಿದರು. 11ರಂದು ಒಬ್ಬ ಏಜೆಂಟ್ ಬೇರೆ ಮೆಷಿನ್ ಕೊಡುತ್ತೇವೆ ಎಂದರು, ಅದು ಬರಲಿಲ್ಲ. 16ರಂದು ಇನ್ನೊಬ್ಬರು ಹಣ ವಾಪಸ್ ಎಂದರು. 20ರಂದು ಪಿಕಪ್‌ಗೆ ಬಂದವರು ಮೂಲ ಡಬ್ಬಿ ಇಲ್ಲವೆಂದು ಮೆಷಿನ್ ಬಿಟ್ಟು ಹೋದರು. ಒಟ್ಟು 17 ಇಮೇಲ್. ಇದನ್ನೇ ಮೂರು ಬಗೆಯಲ್ಲಿ ಬರೆದು ನೋಡಿದಾಗ ಕಂಡದ್ದು ಇದು.

ದಿನಾಂಕವಾರು ಪಟ್ಟಿ

ಪ್ರತಿ ಇಮೇಲ್‌ಗೆ ಒಂದು ಸಾಲು. ಏನೂ ತಪ್ಪಿಹೋಗುವುದಿಲ್ಲ, ಬರೆಯುವವರು ಹೆಚ್ಚು ಯೋಚಿಸಬೇಕಿಲ್ಲ. ಆದರೆ ಇದರಲ್ಲಿ ಬಿದ್ದುಹೋದ ಮಾತಿಗೂ ಈಗ ನಿಂತಿರುವ ಮಾತಿಗೂ ಒಂದೇ ತೂಕ. ‘11: ಬದಲಿ ಮೆಷಿನ್ ಒಪ್ಪಿಗೆ’, ‘16: ರೀಫಂಡ್ ಒಪ್ಪಿಗೆ’ ಎಂಬ ಎರಡೂ ಸಾಲುಗಳು ಪಕ್ಕಪಕ್ಕದಲ್ಲಿರುತ್ತವೆ. ಅವಸರದಲ್ಲಿ ಓದಿದವರು ಮೊದಲು ಕಣ್ಣಿಗೆ ಬಿದ್ದದ್ದನ್ನೇ ಹಿಡಿದು ಬದಲಿ ಮೆಷಿನ್‌ಗೆ ಆರ್ಡರ್ ಹಾಕಿಬಿಡಬಹುದು.

ಮೂರು ಸಾಲಿನ ಸಾರಾಂಶ

‘ಮೆಷಿನ್ ಸೋರುತ್ತಿದೆ. ಗ್ರಾಹಕರು ತುಂಬಾ ಸಿಟ್ಟಾಗಿದ್ದಾರೆ. ರೀಫಂಡ್ ಬೇಕಂತೆ, ಬೇಗ ನೋಡಿ.’ ಐದು ನಿಮಿಷದ ಕೆಲಸ, ಮೂರರಲ್ಲಿ ಅತ್ಯಂತ ದುರ್ಬಲವಾದದ್ದೂ ಇದೇ. ಇನ್‌ಸ್ಟಾಲೇಷನ್‌ಗೆ ಕಟ್ಟಿದ ₹499 ಕೂಡ ಗ್ರಾಹಕರು ಕೇಳಿದ್ದರು, ಅದು ಇಲ್ಲಿ ಮಾಯ. ಡಬ್ಬಿಯ ತಕರಾರೂ ಇಲ್ಲ, ಹಾಗಾಗಿ ಮುಂದಿನ ಪಿಕಪ್ ಅದೇ ಕಾರಣಕ್ಕೆ ಮತ್ತೆ ತಪ್ಪುತ್ತದೆ. ‘ಸಿಟ್ಟಾಗಿದ್ದಾರೆ’ ಎಂಬ ಮಾತಿನಿಂದ ಮುಂದಿನವರು ಮಾಡಬೇಕಾದ ಕೆಲಸ ಯಾವುದೂ ತಿಳಿಯುವುದಿಲ್ಲ. ‘ಎರಡು ಸಲ ರಜೆ ಹಾಕಿ ಕಾದರು, ಯಾರೂ ಮೆಷಿನ್ ಒಯ್ಯಲಿಲ್ಲ’ ಎಂದು ಬರೆದರೆ ಏಕೆ ಸಿಟ್ಟು ಎಂಬುದೂ ತಿಳಿಯುತ್ತದೆ, ಸಮಯ ಕೇಳಿಯೇ ಪಿಕಪ್ ಇಡಬೇಕೆಂಬುದೂ ತಿಳಿಯುತ್ತದೆ.

ಈಗಿನ ಸ್ಥಿತಿ ಮೊದಲು

ಇಲ್ಲಿ ಕೊನೆಯಿಂದ ಶುರು. ಮೊದಲು ಗ್ರಾಹಕರ ಕೊನೆಯ ಇಮೇಲ್ ಓದಿ, ಅವರ ಈಗಿನ ಬೇಡಿಕೆಯನ್ನು ಒಂದು ಸಾಲಿನಲ್ಲಿ ಬರೆಯಬೇಕು. ನಂತರ ಹಳೆಯದರಿಂದ ಹೊಸದರವರೆಗೆ ನಮ್ಮ ಕಡೆಯ ಉತ್ತರಗಳನ್ನು ಮಾತ್ರ ಓದಿ ಕೊಟ್ಟ ಮಾತುಗಳನ್ನು ಹೆಕ್ಕಬೇಕು. ಪ್ರತಿ ಮಾತಿನ ಮುಂದೆ ನಡೆದಿದೆ, ರದ್ದಾಗಿದೆ, ಬಾಕಿ ಇದೆ ಎಂಬ ಮೂರರಲ್ಲಿ ಒಂದು ಗುರುತು. ‘ಪರಿಶೀಲಿಸುತ್ತೇವೆ’ ಎಂದದ್ದನ್ನು ‘ಒಪ್ಪಿದ್ದೇವೆ’ ಎಂದು ಬರೆಯಬಾರದು. ₹499ರ ವಿಷಯದಲ್ಲಿ ಏಜೆಂಟ್ ಹೇಳಿದ್ದು ಪರಿಶೀಲಿಸುತ್ತೇವೆ ಎಂದು ಮಾತ್ರ.

ಹಾಗೆ ಬರೆದ ನೋಟ್:

> ಬೇಡಿಕೆ: ₹24,990 + ಇನ್‌ಸ್ಟಾಲೇಷನ್ ₹499 = ₹25,489 ವಾಪಸ್. ಬದಲಿ ಮೆಷಿನ್ ಬೇಡ (ಮಾ. 22).
> ಒಪ್ಪಿದ್ದು: ಪಿಕಪ್ ಆದಮೇಲೆ ₹24,990 (ಮಾ. 16). 11ರ ಬದಲಿ ಮಾತು ರದ್ದು.
> ಬಾಕಿ: ₹499 ಪರಿಶೀಲಿಸುತ್ತೇವೆ ಎಂದಿದ್ದೇವೆ, ತೀರ್ಮಾನ ತಿಳಿಸಿಲ್ಲ. ಡಬ್ಬಿ ಇಲ್ಲದೆ ಪಿಕಪ್‌ಗೆ ಅನುಮತಿ ಬೇಕು.
> ಮುಂದಿನ ಕೆಲಸ: ಮಾ. 23, ಬೆಳಿಗ್ಗೆ 11ರೊಳಗೆ ಅನುಮತಿ ಪಡೆದು, ಗ್ರಾಹಕರಿಗೆ ಫೋನ್ ಮಾಡಿ ಪಿಕಪ್ ಸಮಯ ಕೇಳುವುದು.
> ಮತ್ತೆ ಕೇಳಬೇಡಿ: ಫೋಟೊಗಳು ಮಾ. 9ರ ಇಮೇಲ್‌ನಲ್ಲಿವೆ.
> ಮೊದಲ ದೂರು: ಮಾ. 4.

ಕೊನೆಯಿಂದ ಎರಡನೆಯ ಸಾಲಿಗೆ ಕಾರಣವಿದೆ. ಇಮೇಲ್‌ಗೆ ರಿಪ್ಲೈ ಕೊಟ್ಟಾಗ ಹಿಂದಿನ ಅಟ್ಯಾಚ್‌ಮೆಂಟ್ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ, ಫಾರ್ವರ್ಡ್ ಮಾಡಿದಾಗ ಮಾತ್ರ ಬರುತ್ತದೆ. ಕೊನೆಯ ಇಮೇಲ್ ಮಾತ್ರ ತೆರೆದ ಏಜೆಂಟ್ ‘ದಯವಿಟ್ಟು ಫೋಟೊ ಕಳಿಸಿ’ ಎಂದು ಬರೆಯುವುದು ಇದರಿಂದಲೇ.

ಈ ವಿಧಾನಕ್ಕೆ ಸುಮಾರು ಅರ್ಧ ಗಂಟೆ ಬೇಕು. ಎಡವುವ ಜಾಗವೂ ಇದೆ. ಕೆಲವು ಗ್ರಾಹಕರು ನಮ್ಮ ಹಳೆಯ ಇಮೇಲ್‌ನ ಸಾಲುಗಳ ನಡುವೆಯೇ ಉತ್ತರ ಬರೆಯುತ್ತಾರೆ. ಜಿಮೇಲ್ ಹಳೆಯ ಪಠ್ಯವನ್ನು ಮೂರು ಚುಕ್ಕಿಗಳ ಹಿಂದೆ ಮಡಚಿಡುವುದರಿಂದ ಆ ಉತ್ತರವೂ ಅಲ್ಲೇ ಅಡಗಿರಬಹುದು. ಗ್ರಾಹಕರ ಇಮೇಲ್ ವಿಚಿತ್ರವಾಗಿ ಚಿಕ್ಕದೆನಿಸಿದರೆ ಆ ಚುಕ್ಕಿಗಳನ್ನು ಒತ್ತಿ ನೋಡಿ. ವಿಷಯದ ಸಾಲು ಬದಲಿಸಿ ಬರೆದಿದ್ದರೆ ಸರಣಿಯೇ ಎರಡಾಗಿರುತ್ತದೆ. ಆದ್ದರಿಂದ ಗ್ರಾಹಕರ ವಿಳಾಸವನ್ನೂ ಆರ್ಡರ್ ನಂಬರನ್ನೂ ಬೇರೆಬೇರೆಯಾಗಿ ಹುಡುಕಿದ ಮೇಲೆಯೇ ಬರೆಯಲು ಕೂರಬೇಕು.

ದಿನನಿತ್ಯದ ಶಿಫ್ಟ್ ಬದಲಾವಣೆಗೆ ನಮ್ಮ ಆಯ್ಕೆ ಮೂರನೆಯದೇ. ದೂರು 1915 ಗ್ರಾಹಕ ಸಹಾಯವಾಣಿಗೋ ಗ್ರಾಹಕ ಆಯೋಗಕ್ಕೋ ಹೋಗುವಂತಿದ್ದರೆ ಮಾತ್ರ ದಿನಾಂಕವಾರು ಪಟ್ಟಿಯನ್ನು ಅದರ ಕೆಳಗೆ ಸೇರಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನೋಟ್ ಕೈಗೆ ಬಂದ ದಿನದಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಈ ದೂರಿಗೆ ಉಳಿದಿರುವುದು ಏಪ್ರಿಲ್ 4ರವರೆಗಿನ ಸಮಯ ಮಾತ್ರ.