ಡಿಶ್‌ವಾಷರ್‌ಗೆ ಟ್ಯಾಬ್ಲೆಟ್ ಒಂದೇ ಸಾಕಾ, ಉಪ್ಪು ಮತ್ತು ರಿನ್ಸ್ ಏಡ್ ಬೇರೆ ಬೇಕಾ?

ಮೊದಲೇ ಹೇಳ್ತೇನೆ, ನನ್ನ ಓಟು ಪುಡಿ, ಉಪ್ಪು, ರಿನ್ಸ್ ಏಡ್ ಮೂರನ್ನೂ ಬೇರೆ ಬೇರೆ ಹಾಕುವುದಕ್ಕೆ. ‘ಎಲ್ಲಾ ಇದರಲ್ಲೇ ಇದೆ’ ಎಂದು ಅಂಗಡಿಯವರು ಕೊಟ್ಟ ಟ್ಯಾಬ್ಲೆಟ್ ಡಬ್ಬಿ ನಮ್ಮ ಮನೆಯಲ್ಲಿ ಅರ್ಧಕ್ಕೇ ನಿಂತಿದೆ.

ಮಂಗಳೂರಿನಲ್ಲಿ ತೊಂದರೆ ಶುರುವಾಗುವುದು ಬೇಸಿಗೆಯಲ್ಲಿ. ತುಂಬೆಯಿಂದ ಬರುವ ನೇತ್ರಾವತಿ ನೀರು ಮೆದು. ಏಪ್ರಿಲ್-ಮೇ ಹೊತ್ತಿಗೆ ಅದು ಸಾಲದೆ ನಮ್ಮ ಅಪಾರ್ಟ್‌ಮೆಂಟಿನ ಟ್ಯಾಂಕಿಗೆ ಬೋರ್‌ವೆಲ್ ನೀರು ಬಿಡುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಿಸಿಯಾಗಿ ಒಣಗಿದಾಗ ಅದೇ ಗಾಜಿನ ಲೋಟದ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಸ್ಟೀಲ್ ತಟ್ಟೆಯಲ್ಲಿ ಬೆರಳು ಎಳೆದರೆ ಗೆರೆ ಮೂಡುತ್ತದೆ.

ಆದರೆ ಎಲ್ಲ ಮಬ್ಬೂ ಗಡಸು ನೀರಿನದ್ದಲ್ಲ. ಲೋಟದ ಒಂದು ಕಡೆ ವಿನೆಗರ್ ಅಥವಾ ಲಿಂಬೆರಸ ಹಚ್ಚಿ ಐದು ನಿಮಿಷ ಬಿಟ್ಟು ಉಜ್ಜಿ. ಅಲ್ಲಿ ಮಾತ್ರ ಫಳಫಳ ಆಯಿತೆಂದರೆ ಅದು ಸುಣ್ಣದ ಪದರ, ಸರಿಯಾಗುತ್ತದೆ. ಏನೂ ಬದಲಾಗದಿದ್ದರೆ ಗಾಜಿನ ಮೈಯೇ ಸವೆದಿರಬಹುದು. ಮೆದು ನೀರು, ಜಾಸ್ತಿ ಡಿಟರ್ಜೆಂಟ್, ಜಾಸ್ತಿ ಬಿಸಿ ಮೂರೂ ಸೇರಿದರೆ ಹೀಗಾಗುತ್ತದೆ. ಇದು ವಾಪಸ್ ಬರುವುದಿಲ್ಲ.

ನನಗೆ ಟ್ಯಾಬ್ಲೆಟ್ ಬೇಡವಾಗಿದ್ದು ಇದೇ ಕಾರಣಕ್ಕೆ. ಅದರ ಅಳತೆ ವರ್ಷವಿಡೀ ಒಂದೇ. ಮಳೆಗಾಲದ ಮೆದು ನೀರಿಗೆ, ಅರ್ಧ ಲೋಡಿಗೆ ಅದು ಜಾಸ್ತಿ, ಬೋರ್ ನೀರಿಗೆ ಸಾಲುವುದಿಲ್ಲ. ಪುಡಿಯಾದರೆ ಚಮಚದಲ್ಲಿ ಕಡಿಮೆ ಮಾಡಬಹುದು. ಇನ್ನೊಂದು, ಟ್ಯಾಬ್ಲೆಟ್ ಕರಗುವುದು ಮುಖ್ಯ ತೊಳೆತದಲ್ಲಿ. ಆ ನೀರನ್ನು ಮೆಷಿನ್ ಹೊರಗೆ ಚೆಲ್ಲುತ್ತದೆ, ಕೊನೆಯ ಬಿಸಿ ನೀರಿಗೆ ಉಳಿಯುವ ರಿನ್ಸ್ ಏಡ್ ಸ್ವಲ್ಪವೇ. ಬೇರೆ ಹಾಕಿದ ರಿನ್ಸ್ ಏಡನ್ನು ಮೆಷಿನ್ ಆ ಕೊನೆಯ ನೀರಿಗೇ ಬಿಡುತ್ತದೆ. ಆಗ ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಿದು ಇಳಿಯುತ್ತದೆ. ಹನಿ ನಿಲ್ಲದಿದ್ದರೆ ಕಲೆಯೂ ಇಲ್ಲ. ಕಲೆ ಕಂಡರೆ ಅದರ ಅಳತೆ ಒಂದು ಏರಿಸಿ, ನೀಲಿ ಛಾಯೆಯ ಗೆರೆ ಕಂಡರೆ ಒಂದು ಇಳಿಸಿ.

ಉಪ್ಪಿನ ಕೆಲಸ ಬೇರೆ. ಅದು ಪಾತ್ರೆಗೆ ತಾಗುವುದೇ ಇಲ್ಲ. ಮೆಷಿನ್ನಿನ ತಳದಲ್ಲಿ ರಾಳದ ಸಣ್ಣ ಮಣಿಗಳಿವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿಹೋದಾಗ ಉಪ್ಪುನೀರು ಅವನ್ನು ತೊಳೆದು ಮತ್ತೆ ತಯಾರು ಮಾಡುತ್ತದೆ. ಎಷ್ಟು ಸಲ ತೊಳೆಯಬೇಕೆಂದು ಮೆಷಿನ್ನಿಗೆ ನಾವೇ ಹೇಳಬೇಕು. ನೀರು ಪರೀಕ್ಷೆಯ ಪಟ್ಟಿಯಲ್ಲಿ ನಮ್ಮ ಬೋರ್ ನೀರಿನ ಗಡಸುತನ 250 ಪಿಪಿಎಂ ತೋರಿಸಿತು, ಮಳೆಗಾಲದ ನಲ್ಲಿ ನೀರು 50ರ ಹತ್ತಿರ. ಮ್ಯಾನ್ಯುಯಲ್‌ನಲ್ಲಿ ಇರುವುದು ಜರ್ಮನ್ ಡಿಗ್ರಿ, ಪಿಪಿಎಂ ಅನ್ನು 18ರಿಂದ ಭಾಗಿಸಿದರೆ ಸಿಗುತ್ತದೆ. ಅಂದರೆ ಬೇಸಿಗೆಗೆ 14, ಮಳೆಗಾಲಕ್ಕೆ 3. ಮ್ಯಾನ್ಯುಯಲ್‌ನ ಕೋಷ್ಟಕದಲ್ಲಿ ಆ ಸಂಖ್ಯೆಯ ಎದುರಿಗಿರುವ ಸೆಟ್ಟಿಂಗ್ ಇಡಿ. 3 ಇದ್ದಾಗ ನಮ್ಮ ಮೆಷಿನ್ ಉಪ್ಪೇ ಕೇಳುವುದಿಲ್ಲ.

ಉಪ್ಪು ತುಂಬುವುದು ಮಾತ್ರ ನಿಜಕ್ಕೂ ಕಿರಿಕಿರಿ ಮಾರಾಯ್ರೆ. ಕೆಳಗಿನ ಬುಟ್ಟಿ ಹೊರಗೆ ತೆಗೆದು, ಬಗ್ಗಿ, ಮುಚ್ಚಳ ತಿರುಗಿಸಬೇಕು. ಮೊದಲ ಸಲ ಮಾತ್ರ ಒಳಗೆ ನೀರು ತುಂಬಬೇಕು, ಆಮೇಲೆ ಬರೀ ಉಪ್ಪು. ಉಪ್ಪು ಸುರಿದ ಹಾಗೆ ಒಳಗಿನ ನೀರು ಉಕ್ಕಿ ತಳದ ಸ್ಟೀಲ್ ಮೇಲೆ ನಿಲ್ಲುತ್ತದೆ. ಅದನ್ನು ಹಾಗೇ ಬಿಟ್ಟರೆ ತುಕ್ಕು. ಅದಕ್ಕೇ ನಾನು ಉಪ್ಪು ಹಾಕುವುದು ಮೆಷಿನ್ ಓಡಿಸುವ ಮುಂಚೆಯೇ, ರಾತ್ರಿ ಹಾಕಿ ಬೆಳಿಗ್ಗೆ ಓಡಿಸುವುದಲ್ಲ.

ಮುಚ್ಚಳದ ಇನ್ನೊಂದು ಕಾಟ ಇದೆ. ರಬ್ಬರ್ ಬಳೆಯ ಕೆಳಗೆ ಒಂದು ಹರಳು ಸಿಕ್ಕಿಕೊಂಡರೂ ಬಿಗಿ ಬರುವುದಿಲ್ಲ. ಉಪ್ಪುನೀರು ಒಳಗೆ ಸೋರಿ ಎಲ್ಲ ಪಾತ್ರೆಗೂ ಬಿಳಿ ಹೊಡೆಯುತ್ತದೆ. ನೋಡಲು ಸುಣ್ಣದ ಪದರದಂತೆಯೇ. ಗೊತ್ತಾಗುವುದು ಹೇಗೆ? ಬರೀ ನೀರಿನಲ್ಲಿ ಉಜ್ಜಿದರೆ ಹೋಗುತ್ತದೆ, ನಾಲಿಗೆಗೆ ಉಪ್ಪು ಹತ್ತುತ್ತದೆ. ಬಳೆ ಒರೆಸಿ ಮತ್ತೆ ಬಿಗಿ ಮಾಡಿದರೆ ಮುಗಿಯಿತು.

ಅಡುಗೆಯ ಪುಡಿ ಉಪ್ಪು ಬೇಡ, ಕಟ್ಟಿಕೊಳ್ಳುತ್ತದೆ. ಕಲ್ಲುಪ್ಪೂ ಬೇಡ, ಅದರಲ್ಲೇ ಮೆಗ್ನೀಸಿಯಂ, ಮಣ್ಣು ಇರುತ್ತದೆ.

ಖರ್ಚು ನೋಡಿದರೆ ದಿನಾ ಓಡಿಸುವ ನಮ್ಮ ಮನೆಗೆ ಪುಡಿಯೇ ಅಗ್ಗ. ಉಪ್ಪು ಬೇಕಾಗುವುದು ಬೇಸಿಗೆಗೆ ಮಾತ್ರ. ವಾರಕ್ಕೆ ಎರಡೋ ಮೂರೋ ಸಲ ಓಡಿಸುವವರು, ವರ್ಷವಿಡೀ ನಲ್ಲಿ ನೀರೇ ಬರುವವರು, ಗಾಜು ಕಡಿಮೆ ಸ್ಟೀಲ್ ಜಾಸ್ತಿ ಇರುವವರು ಟ್ಯಾಬ್ಲೆಟ್‌ನಲ್ಲೇ ಇರಬಹುದು. ಆದರೂ ರಿನ್ಸ್ ಏಡ್ ಬೇರೆ ತುಂಬಿಸಿಕೊಳ್ಳಿ.