ಉಯ್ಯಾಲೆ ಕ್ಲಿಪ್‌ನ ಮೂರು ಫ್ರೇಮ್: ಕವರ್‌ಗೆ ಯಾವುದು?

ಹುಡುಗಿಯೊಬ್ಬಳು ಉಯ್ಯಾಲೆ ಆಡುವ 4 ಸೆಕೆಂಡಿನ ಕ್ಲಿಪ್. ಸೆಕೆಂಡಿಗೆ 30 ಫ್ರೇಮ್, ಅಂದರೆ 120 ಚಿತ್ರ. ಆರಿಸಿದ ಮೇಲೆ ಮೂರು ಉಳಿದವು.

ಮೊದಲನೆಯದು ಉಯ್ಯಾಲೆ ತುತ್ತತುದಿ ಮುಟ್ಟಿದ ಕ್ಷಣ. ಅಲ್ಲಿ ವೇಗ ಸೊನ್ನೆಯಾಗುವುದರಿಂದ ಕೂದಲಿನ ಎಳೆಯೂ ಸ್ಪಷ್ಟ. ಆದರೆ ಕಣ್ಣು ಅರ್ಧ ಮುಚ್ಚಿದೆ.

ಎರಡನೆಯದು ಉಯ್ಯಾಲೆ ನಡುವೆ, ಕೆಳಗೆ ಬಂದಾಗಿನದು. ಬಾಯ್ತುಂಬ ನಗು, ಆಹಾ! ಆದರೆ ಉಯ್ಯಾಲೆಯ ವೇಗ ಕೆಳಗೇ ಅತಿ ಹೆಚ್ಚು, ಹಾಗಾಗಿ ಮುಖವೆಲ್ಲ ಅಡ್ಡಡ್ಡ ಎಳೆದಂತಿದೆ. ಸಣ್ಣ ಚಿತ್ರವಾಗಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. 100%ಗೆ ದೊಡ್ಡದು ಮಾಡಿ ರೆಪ್ಪೆ ನೋಡಿ. ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಿಟ್ಟುಬಿಡಿ. ಶಾರ್ಪನ್ ಮಾಡಿದರೂ ಅಂಚು ಒರಟಾಗುತ್ತದೆ ಅಷ್ಟೇ, ಕಣ್ಣು ಮರಳಿ ಬರುವುದಿಲ್ಲ.

ಮೂರನೆಯದು ತುದಿಗಿಂತ ಐದು ಫ್ರೇಮ್ ಹಿಂದಿನದು. ವೇಗ ತಗ್ಗಿದೆ, ನಗು ಇನ್ನೂ ಇದೆ, ಕಣ್ಣು ತೆರೆದಿದೆ. ಪಾದ ಮಸುಕು, ಆದರೆ ಅದು ಚಲನೆಯನ್ನೇ ಹೇಳುತ್ತದೆ, ಚೆನ್ನಾಗಿದೆ ಅಲ್ವಾ? ತೊಂದರೆ ಒಂದೇ: ಅವಳು ಎಡ ಅಂಚಿಗೆ ಸರಿದಿದ್ದಾಳೆ, ಬಲಗಡೆ ಸುಮ್ನೆ ಖಾಲಿ.

ನಾನು ಮೂರನೆಯದನ್ನೇ ಆರಿಸುತ್ತೇನೆ. ಚೌಕಟ್ಟನ್ನು ಕತ್ತರಿಸಿ ಸರಿಪಡಿಸಬಹುದು. ಮಸುಕಾದ ಕಣ್ಣನ್ನೂ ಮುಚ್ಚಿದ ಕಣ್ಣನ್ನೂ ಹಾಗೆ ಸರಿಪಡಿಸಲಾಗದು. ಕತ್ತರಿಸುವುದಕ್ಕೂ ಮಿತಿಯಿದೆ. 1920×1080 ಫ್ರೇಮ್‌ನಲ್ಲಿ ಅರ್ಧ ಅಗಲ ತೆಗೆದರೆ 960 ಪಿಕ್ಸೆಲ್ ಮಾತ್ರ ಉಳಿಯುತ್ತದೆ. ಕವರ್‌ಗೆ 1280 ಬೇಕಿದ್ದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ತಲೆಯೋ ಕೈಯೋ ಅಂಚಿನಾಚೆಗೇ ಹೋಗಿದ್ದರೆ ಮಾತ್ರ ಪಕ್ಕದ ಫ್ರೇಮ್‌ಗಳಲ್ಲಿ ಮತ್ತೆ ಹುಡುಕಿ. VLCಯಲ್ಲಿ E ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ.